ಮೂರು ಕೊಟೇಶನ್ ತರಿಸೋ ಮುಂಚೆ ಒಂದು ಸರಿಯಾದ ಮೇಲ್

ಅಪಾರ್ಟ್‌ಮೆಂಟಿಗೆ ಬಣ್ಣ ಹಚ್ಚಿಸಬೇಕು ಅಂದ ಕೂಡಲೇ ಕಮಿಟಿಯಲ್ಲಿ ಯಾರಾದರೊಬ್ಬರು ಹೇಳೇ ಹೇಳ್ತಾರೆ: "ಮೂರ್ ಕೊಟೇಶನ್ ತರಿಸ್ರಿ, ಕಡಿಮಿ ಇದ್ದವ್ರಿಗೆ ಕೊಡೂಣು." ಮಾತು ಸರಿಯಾಗಿಯೇ ಇದೆ. ಆದರೆ ಮೂರು ಜನ ಮೂರು ಬೇರೆ ಬೇರೆ ಕೆಲಸಕ್ಕೆ ದರ ಕೊಟ್ಟಿದ್ದರೆ, ಅದರಲ್ಲಿ ಕಡಿಮೆ ಯಾವುದು ಅಂತ ನೋಡೋದು ಹೇಗೆ?

ಹುಬ್ಬಳ್ಳಿಯ ವಿದ್ಯಾನಗರದ ಕಡೆ ನಮ್ಮದು 16 ಮನೆಗಳ ಚಿಕ್ಕ ಬಿಲ್ಡಿಂಗ್. ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ. ಈ ಸಲ ಕಾರ್ಯದರ್ಶಿ ಕೆಲಸ ನನ್ನ ಪಾಲಿಗೆ ಬಂತು. ಹಳೇ ಫೈಲು ತೆಗೆದಾಗ ಆರು ವರ್ಷದ ಹಿಂದಿನ ಮೂರು ಕೊಟೇಶನ್ ಸಿಕ್ಕವು. ಒಬ್ಬರು ಚದರ ಅಡಿಗೆ 15 ರೂಪಾಯಿ ಅಂತ ಬರೆದು, 19,000 ಚದರ ಅಡಿ ಹಿಡಿದು, 2,85,000 ರೂಪಾಯಿ ಕೇಳಿದ್ದರು. ಎರಡನೆಯವರು ಚದರ ಅಡಿಗೆ 19 ರೂಪಾಯಿ ಅಂದಿದ್ದರು, ಎಷ್ಟು ಅಡಿ ಅಂತ ಬರೆದಿರಲಿಲ್ಲ. ಮೂರನೆಯದು ಲೆಟರ್‌ಹೆಡ್ಡಿನ ಮೇಲೆ ಒಂದೇ ಸಾಲು: ಪೂರ್ತಿ ಬಿಲ್ಡಿಂಗ್, ಒಟ್ಟು 2,10,000, ಬಣ್ಣ ನಿಮ್ಮ ಆಯ್ಕೆ. ಕೆಲಸ ಆ ಮೂರನೆಯವರಿಗೇ ಹೋಗಿತ್ತು. ಎರಡನೇ ಮಳೆಗಾಲಕ್ಕೇ ಪಶ್ಚಿಮದ ಗೋಡೆ ಗುಳ್ಳೆ ಎದ್ದಿತ್ತು ಅಂತ ಹಳಬರು ಈಗಲೂ ಹೇಳ್ತಾರೆ. ಪ್ರೈಮರ್ ಹೊಡೆದರೋ ಇಲ್ಲವೋ, ಎಷ್ಟು ಕೋಟ್, ಯಾವ ಬಣ್ಣ, ಯಾವುದೂ ಆ ಕಾಗದದಲ್ಲಿ ಇಲ್ಲ. ಹಾಗಾಗಿ ಜಗಳ ಆಡೋಕೂ ಆಧಾರ ಇರಲಿಲ್ಲ.

ಈ ಸಲ ನಾನು ಮೊದಲು ಮಾಡಿದ್ದು ಅಳತೆ. ಭಾನುವಾರ ಬೆಳಿಗ್ಗೆ ನಾನೂ ಮೂರನೇ ಮಹಡಿಯ ಕಾಕಾನೂ ಟೇಪ್ ಹಿಡಿದು ಬಿಲ್ಡಿಂಗ್ ಸುತ್ತಿದೆವು. ಕಾಕಾ ಪಿಡಬ್ಲ್ಯೂಡಿಯಿಂದ ನಿವೃತ್ತಿ ಆದವರು, ಅವರಿಗಿದು ಪೇಪರ್ ಓದಿದಷ್ಟು ಸಲೀಸು. ಲೆಕ್ಕ ಕಷ್ಟದ್ದೇನಲ್ಲ. ಬಿಲ್ಡಿಂಗ್ 80 ಅಡಿಗೆ 60 ಅಡಿ, ಅಂದರೆ ಸುತ್ತಳತೆ 280 ಅಡಿ. ಪಾರ್ಕಿಂಗ್ ಬಿಟ್ಟು ಗೋಡೆಯ ಎತ್ತರ, ಪ್ಯಾರಾಪೆಟ್ ಸೇರಿ, 44 ಅಡಿ. ಗುಣಿಸಿದರೆ 12,320 ಚದರ ಅಡಿ. ಇದರಲ್ಲಿ 64 ಕಿಟಕಿ, ಒಂದೊಂದು 20 ಚದರ ಅಡಿ, ಒಟ್ಟು 1,280 ಕಳೀಬೇಕು. ಬಾಲ್ಕನಿಯ ಎದುರಿನ ಖಾಲಿ ಜಾಗ ಮನೆಗೆ 60ರಂತೆ 960 ಕಳೀಬೇಕು. ಆಮೇಲೆ ಬಾಲ್ಕನಿಯ ಒಳಗೋಡೆ ಮತ್ತು ಛಾವಣಿ ಮನೆಗೆ 150ರಂತೆ 2,400 ಕೂಡಿಸಬೇಕು, ಪ್ಯಾರಾಪೆಟ್ಟಿನ ಒಳಮುಖ 980 ಕೂಡಿಸಬೇಕು. ಕೊನೆಗೆ ಬಂದದ್ದು 13,460 ಚದರ ಅಡಿ.

ಹಳೇ ಕಾಗದದಲ್ಲಿ ಇದೇ ಬಿಲ್ಡಿಂಗ್ 19,000 ಇತ್ತು. ನಡುವೆ ಬಿಲ್ಡಿಂಗೇನೂ ಸೊರಗಿಲ್ಲ. ಕಿಟಕಿ ಕಳೆಯದೆ, ಸಜ್ಜಾಗಳನ್ನು ಮೇಲೆ ಕೆಳಗೆ ಬೇರೆ ಬೇರೆ ಎಣಿಸಿ, ಗ್ರಿಲ್ಲನ್ನೂ ಗೋಡೆಯ ಲೆಕ್ಕಕ್ಕೆ ಸೇರಿಸಿದರೆ ಅಳತೆ ಹೀಗೆ ಉಬ್ಬುತ್ತೆ. ಇದನ್ನ ಮೋಸ ಅಂತ ಅನ್ನೋಕೂ ಆಗಲ್ಲ, ಕೆಲವು ಗುತ್ತಿಗೆದಾರರು ಅಳೆಯೋ ಪದ್ಧತಿಯೇ ಹಾಗೆ. ಆದರೆ ಫಲಿತಾಂಶ ನೋಡಿ. 15 ರೂಪಾಯಿಯವರ ಬಿಲ್ಲು 2,85,000. 19 ರೂಪಾಯಿಯವರು ನಮ್ಮ ಟೇಪಿನ ಅಳತೆಗೆ ಒಪ್ಪಿದ್ದರೆ ಅವರದು 2,55,740. ಅಗ್ಗದ ದರ 29,000 ರೂಪಾಯಿ ದುಬಾರಿ ಆಗ್ತಿತ್ತು. ಅದಕ್ಕೇ ಅಳತೆ ನಮ್ಮದೇ ಇರಬೇಕು, ಮತ್ತು ಎಲ್ಲರಿಗೂ ಒಂದೇ ಇರಬೇಕು. ಯಾರಿಗಾದರೂ ಅನುಮಾನ ಇದ್ದರೆ ಬಂದು ಅಳೆದು ತಕರಾರು ತೆಗೀಲಿ, ಆದರೆ ದರ ಕೊಡೋ ಮುಂಚೆ.

ಆಮೇಲೆ ಗೋಡೆಯ ಸ್ಥಿತಿ. ಇದನ್ನ ಬರೆಯದೆ ಕಳಿಸಿದರೆ ಪ್ರತಿಯೊಬ್ಬರೂ ತಮಗೆ ಅನುಕೂಲ ಆಗೋ ಹಾಗೆ ಊಹಿಸಿಕೊಳ್ತಾರೆ. ನೋಡೋಕೆ ದೊಡ್ಡ ಯಂತ್ರವೇನೂ ಬೇಡ. ಗೋಡೆ ಮೇಲೆ ಅಂಗೈ ಉಜ್ಜಿ: ಕೈಗೆ ಸುಣ್ಣದಂಥ ಪುಡಿ ಅಂಟಿದರೆ ಹಳೇ ಬಣ್ಣ ಸತ್ತಿದೆ ಅಂತ ಅರ್ಥ, ಅದರ ಮೇಲೆ ನೇರ ಹೊಸ ಬಣ್ಣ ಹೊಡೆದರೆ ಪುಡಿಯ ಜೊತೆಗೇ ಕಳಚಿ ಬರುತ್ತೆ. ಅಲ್ಲಿ ತೊಳೆಯೋದೂ ಪ್ರೈಮರೂ ಎರಡೂ ಬೇಕೇ ಬೇಕು. ಗುಳ್ಳೆ ಎದ್ದ ಕಡೆ ಒಂದಡಿ ಪ್ಲಾಸ್ಟಿಕ್ ಹಾಳೆಯನ್ನ ನಾಲ್ಕೂ ಬದಿ ಟೇಪ್ ಹಚ್ಚಿ ಒಂದು ದಿನ ಬಿಡಿ. ಹಾಳೆಯ ಒಳಗಡೆ ನೀರಿನ ಹನಿ ಕೂತಿದ್ದರೆ ತೇವ ಗೋಡೆಯೊಳಗಿಂದ ಬರ್ತಾ ಇದೆ. ಅಂಥ ಕಡೆ ಬಣ್ಣದವರನ್ನ ಕರೆಯೋ ಮುಂಚೆ ಪ್ಲಂಬರನ್ನ ಕರೀಬೇಕು. ನಮ್ಮ ಪಶ್ಚಿಮದ ಗೋಡೆಯ ಗುಳ್ಳೆಯ ಹಿಂದೆ ಎರಡನೇ ಮಹಡಿಯ ಬಚ್ಚಲ ಪೈಪಿನ ಜಾಯಿಂಟು ಸೋರ್ತಾ ಇತ್ತು. ಆರು ವರ್ಷದ ಹಿಂದೆ ಎಷ್ಟೇ ತುಟ್ಟಿ ಬಣ್ಣ ಹೊಡೆದಿದ್ದರೂ ಅಲ್ಲಿ ನಿಲ್ತಿರಲಿಲ್ಲ.

ಬಿರುಕಿನ ವಿಷಯದಲ್ಲಿ ನಮ್ಮೂರಿಗೆ ಒಂದು ಹೆಚ್ಚುವರಿ ತಾಪತ್ರಯ ಇದೆ. ಹುಬ್ಬಳ್ಳಿಯ ಬಹಳ ಕಡೆ ಎರಿಮಣ್ಣು. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಾಯಿ ಬಿಡುತ್ತೆ. ಆಳವಾದ ಪಾಯ ಇರೋ ಬಿಲ್ಡಿಂಗ್ ತಡೆದುಕೊಳ್ಳುತ್ತೆ, ತೆಳು ಪಾಯದ ಕಂಪೌಂಡ್ ಗೋಡೆ ತಡೆಯೋದಿಲ್ಲ. ಅಲ್ಲಿನ ಓರೆ ಬಿರುಕಿಗೆ ಮೇಲೆ ಪೇಸ್ಟ್ ತುಂಬಿ ಬಣ್ಣ ಬಳಿದರೆ ಮುಂದಿನ ಬೇಸಿಗೆಗೆ ಅದೇ ಜಾಗದಲ್ಲಿ ಮತ್ತೆ ಬಾಯಿ ಬಿಡುತ್ತೆ. ಅದಕ್ಕೇ ಕಂಪೌಂಡನ್ನ ಮುಖ್ಯ ಗೋಡೆಯ ದರದಲ್ಲಿ ಸೇರಿಸದೆ ಬೇರೆ ಸಾಲಿನಲ್ಲಿ ಕೇಳಿದೆ.

ಮೂರನೆಯದು ಬಣ್ಣದ ಹೆಸರು. "ಒಳ್ಳೆ ಕಂಪನಿ ಬಣ್ಣ" ಅಂತ ಬರೆದರೆ ಏನೂ ಬರೆದಂಗಲ್ಲ. ಒಂದೇ ಕಂಪನಿಯಲ್ಲಿ ಹೊರಗೋಡೆಗೆ ನಾಲ್ಕಾರು ದರ್ಜೆ ಇರ್ತಾವೆ. ಏಷ್ಯನ್ ಪೇಂಟ್ಸನ್ನೇ ತಗೊಳ್ಳಿ: ಏಸ್, ಏಪೆಕ್ಸ್, ಏಪೆಕ್ಸ್ ಅಲ್ಟಿಮಾ, ಅಲ್ಟಿಮಾ ಪ್ರೊಟೆಕ್, ಹೀಗೆ ಮೇಲೇರ್ತಾ ಹೋಗುತ್ತೆ. ಬರ್ಜರ್, ನೆರೋಲ್ಯಾಕ್, ಡ್ಯುಲಕ್ಸ್‌ನಲ್ಲೂ ಇದೇ ತರ ಮೆಟ್ಟಿಲುಗಳಿವೆ. ಕೆಳಗಿನದಕ್ಕೂ ಮೇಲಿನದಕ್ಕೂ ಬೆಲೆಯಲ್ಲಿ ಬಹಳ ವ್ಯತ್ಯಾಸ, ಬಾಳಿಕೆಯಲ್ಲೂ. ಹಾಗಾಗಿ ನಾನು ಒಂದು ದರ್ಜೆಯನ್ನ ಹೆಸರಿಟ್ಟು ಬರೆದು, "ಬೇರೆ ಕಂಪನಿಯದು ಕೊಡೋದಾದರೆ ಅದೇ ದರ್ಜೆಯ ಪೂರ್ತಿ ಹೆಸರು ಬರೆಯಿರಿ" ಅಂತ ಕೇಳಿದೆ.

ಇಷ್ಟು ಕೈಯಲ್ಲಿ ಇಟ್ಟುಕೊಂಡು ನಮ್ಮ ಪ್ರಾಪರ್ಟಿ ಮ್ಯಾನೇಜರಿಗೆ ಮೇಲ್ ಬರೆದೆ. ಮೇಲ್ ಮ್ಯಾನೇಜರಿಗೆ, ಲಗತ್ತು ಗುತ್ತಿಗೆದಾರರಿಗೆ. ಈ ವ್ಯತ್ಯಾಸ ಮುಖ್ಯ. ಮ್ಯಾನೇಜರ್ ಏನು ಮಾಡಬೇಕು, ಯಾವಾಗ, ಯಾರಿಗೆ ಕಳಿಸಬೇಕು ಅನ್ನೋದು ಮೇಲ್‌ನಲ್ಲಿ. ಕೆಲಸದ ವಿವರ ಪೂರ್ತಿ ಲಗತ್ತಿನಲ್ಲಿ, ಅದನ್ನ ಅವರು ಒಂದಕ್ಷರ ಬದಲಿಸದೆ ಮುಂದಕ್ಕೆ ಕಳಿಸಬೇಕು. ಬಾಯಿಂದ ಬಾಯಿಗೆ ಹೋದರೆ ಎರಡು ಕೋಟ್ ಅನ್ನೋದು "ಚೊಲೋ ಆಗಿ ಹೊಡೀರಿ" ಅಂತ ಆಗಿಬಿಡುತ್ತೆ.

ನಾನು ಕಳಿಸಿದ ಮೇಲ್ ಇದು:

ವಿಷಯ: ಬಿಲ್ಡಿಂಗ್ ಬಣ್ಣದ ಕೆಲಸಕ್ಕೆ 4 ಕಡೆಯಿಂದ ಕೊಟೇಶನ್ – ಕೊನೆಯ ದಿನ ಸೆಪ್ಟೆಂಬರ್ 20

ಮ್ಯಾನೇಜರ್ ಸರ್, ನಮಸ್ಕಾರ.

ಪೂರ್ತಿ ಬಿಲ್ಡಿಂಗಿಗೆ ಬಣ್ಣ ಹಚ್ಚಿಸಲು ಕಮಿಟಿ ತೀರ್ಮಾನ ಮಾಡಿದೆ. ದಯವಿಟ್ಟು ಕನಿಷ್ಠ 4 ಗುತ್ತಿಗೆದಾರರಿಂದ ಕೊಟೇಶನ್ ತರಿಸಿಕೊಡಿ. ಅವರಲ್ಲಿ ಒಬ್ಬರಾದರೂ ನಾಲ್ಕು ಮಹಡಿ ಅಥವಾ ಅದಕ್ಕಿಂತ ಎತ್ತರದ ಕೆಲಸವನ್ನು ಧಾರವಾಡದಲ್ಲಿ ಮಾಡಿದವರಿರಲಿ, ಅಲ್ಲಿ ಮಳೆ ಹೆಚ್ಚು, ಅವರ ಹಳೇ ಕೆಲಸ ಹೋಗಿ ನೋಡಬಹುದು.

ಇದರ ಜೊತೆ ಮೂರು ಲಗತ್ತು ಇವೆ: ಕೆಲಸದ ವಿವರ, ತುಂಬಬೇಕಾದ ದರಪಟ್ಟಿ, ಗೋಡೆಗಳ ಫೋಟೋ. ಮೂರನ್ನೂ ಎಲ್ಲರಿಗೂ ಹಾಗೆಯೇ ಕಳಿಸಿ. ದರವನ್ನು ನಮ್ಮ ಪಟ್ಟಿಯಲ್ಲೇ ತುಂಬಿ ಕೊಡಲು ಹೇಳಿ. ಅಳತೆ ನಾವೇ ಹಾಕಿದ್ದೇವೆ, ಅದನ್ನು ಬದಲಿಸಬಾರದು. ತಕರಾರಿದ್ದರೆ ಜಾಗ ನೋಡುವ ದಿನವೇ ತಿಳಿಸಲಿ.

ಸೆಪ್ಟೆಂಬರ್ 13, ಶನಿವಾರ ಬೆಳಿಗ್ಗೆ 10ಕ್ಕೆ ಎಲ್ಲರೂ ಒಟ್ಟಿಗೆ ಬಂದು ಜಾಗ ನೋಡಲಿ. ಟೆರೇಸಿನ ಬೀಗ ತೆರೆಸಿಡಿ. ಅಲ್ಲಿ ಯಾರೇ ಪ್ರಶ್ನೆ ಕೇಳಿದರೂ ಉತ್ತರವನ್ನು ನಾನು ಸಂಜೆಯೊಳಗೆ ಬರೆದು ಕೊಡುತ್ತೇನೆ, ನೀವು ಅದನ್ನು ಎಲ್ಲರಿಗೂ ಕಳಿಸಿ.

ಕೊಟೇಶನ್‌ಗಳು ಕಮಿಟಿಯ ಮೇಲ್ ವಿಳಾಸಕ್ಕೆ ನೇರವಾಗಿ ಬರಲಿ. ಒಬ್ಬರ ದರ ಇನ್ನೊಬ್ಬರಿಗೆ ತಿಳಿಯಬಾರದು. ದರ ಇಳಿಸುವ ಮಾತು ಈಗ ಬೇಡ, ಅದನ್ನು ಕಮಿಟಿ ಆಮೇಲೆ ಮಾಡುತ್ತದೆ.

ಯಾರು ಯಾರಿಗೆ ಕಳಿಸಿದಿರಿ ಎಂಬುದನ್ನು ಸೆಪ್ಟೆಂಬರ್ 8ರೊಳಗೆ ಇದೇ ಮೇಲ್‌ಗೆ ಉತ್ತರವಾಗಿ ತಿಳಿಸಿ.

ವಂದನೆಗಳೊಂದಿಗೆ,
ಕಾರ್ಯದರ್ಶಿ

ಮೇಲ್ ಹೋದ ಅರ್ಧ ತಾಸಿಗೆ ಫೋನ್ ಬಂತು. "ಮೇಡಂ, ಇಷ್ಟುದ್ದ ಯಾರ್ ಓದ್ತಾರ್ರಿ? ಪೇಂಟರ್ ಮಂದಿಗೆ ಫೋನ್ ಹಚ್ಚಿ ಹೇಳಿದ್ರ ಆತ್ರಿ." ನಾನಂದೆ, "ಸರ್, ಓದಬೇಕಾಗಿರೋದು ನೀವೊಬ್ರೇ. ಅವ್ರು ಪಟ್ಟಿ ತುಂಬಿದ್ರ ಸಾಕು." ಪಾಪ, ಮರುದಿನವೇ ನಾಲ್ಕೂ ಜನಕ್ಕೆ ಕಳಿಸಿದರು.

ಲಗತ್ತಿನಲ್ಲಿ ಏನಿತ್ತು ಅಂತ ಹೇಳಬೇಕು, ಯಾಕಂದರೆ ಹಣ ಉಳಿಯೋದೂ ಹಾಳಾಗೋದೂ ಅಲ್ಲೇ. ಹೊರಗೋಡೆಗೆ ಕೆಲಸದ ಕ್ರಮವನ್ನ ಹೀಗೆ ಬರೆದಿದ್ದೆ: ಒತ್ತಡದ ನೀರಿನಿಂದ ತೊಳೆಯೋದು, ಪಾಚಿ ಇದ್ದಲ್ಲಿ ಪಾಚಿನಾಶಕ, ಸಡಿಲ ಬಣ್ಣ ಕೆರೆಯೋದು, ಬಿರುಕು ತುಂಬೋದು, ಒಂದು ಕೋಟ್ ಹೊರಗೋಡೆಯ ಪ್ರೈಮರ್, ಅದರ ಮೇಲೆ ಎರಡು ಕೋಟ್ ಬಣ್ಣ. ಸಣ್ಣ ಕೂದಲೆಳೆ ಬಿರುಕಿಗೆ ಫಿಲ್ಲರ್ ಪೇಸ್ಟ್ ಸಾಕು. 3 ಮಿಲಿಮೀಟರಿಗಿಂತ ಅಗಲ ಇದ್ದರೆ ಇಂಗ್ಲಿಷಿನ ವಿ ಆಕಾರಕ್ಕೆ ಕತ್ತರಿಸಿ, ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆ ತುಂಬಬೇಕು. ಮನೆಯೊಳಗೆ ಬಳಸೋ ಅಕ್ರಿಲಿಕ್ ಪುಟ್ಟಿಯನ್ನ ಹೊರಗೆ ಬಳಸಬಾರದು ಅಂತ ಬೇರೆ ಸಾಲು ಹಾಕಿದ್ದೆ. ಅದು ನೀರು ಕುಡಿದು ಮೆತ್ತಗಾಗಿ, ಮೇಲಿನ ಬಣ್ಣವನ್ನೂ ಎಳೆದುಕೊಂಡು ಹಪ್ಪಳದ ಹಾಗೆ ಏಳುತ್ತೆ.

ಮೆಟ್ಟಿಲು ಮತ್ತು ಪ್ಯಾಸೇಜು, ಪಾರ್ಕಿಂಗಿನ ಕಂಬ ಮತ್ತು ಛಾವಣಿ, ಕಂಪೌಂಡು, ಗೇಟು-ಗ್ರಿಲ್ಲು, ಪ್ರತಿಯೊಂದಕ್ಕೂ ಬೇರೆ ಸಾಲು. "ಪೂರ್ತಿ ಬಿಲ್ಡಿಂಗ್" ಅನ್ನೋ ಒಂದು ಮಾತಿನಲ್ಲಿ ಇವೆಲ್ಲ ಸೇರ್ತಾವೋ ಇಲ್ಲವೋ ಅನ್ನೋದು ಕೊನೆಯ ಬಿಲ್ಲಿನ ದಿನವೇ ಗೊತ್ತಾಗೋದು ಬೇಡ ಅಂತ.

ನೀರಿನದೂ ಬರೆದಿದ್ದೆ. ಹೊರಗಿನವರಿಗೆ ಇದು ವಿಚಿತ್ರ ಅನಿಸಬಹುದು. ಆದರೆ ನಳ ಬರೋ ದಿನ ನೋಡಿಕೊಂಡು ಬಟ್ಟೆ ಒಗೆಯೋ ನಮ್ಮಂಥ ಊರಲ್ಲಿ, 13,000 ಚದರ ಅಡಿ ಗೋಡೆ ತೊಳೆಯೋ ನೀರು ಯಾರು ಕೊಡ್ತಾರೆ ಅನ್ನೋದು ಸಣ್ಣ ಪ್ರಶ್ನೆ ಅಲ್ಲ. ಬೋರ್‌ವೆಲ್ ನೀರು ನಾವು ಕೊಡ್ತೀವಿ, ಸಾಲದೆ ಬಂದರೆ ಟ್ಯಾಂಕರ್ ಖರ್ಚು ಗುತ್ತಿಗೆದಾರರದು ಅಂತ ಹಾಕಿದೆ. ಸಾರುವೆ ಕಟ್ತಾರೋ, ಟೆರೇಸಿನಿಂದ ಹಗ್ಗದ ಜೂಲಾ ಇಳಿಸ್ತಾರೋ, ಅದನ್ನೂ ಬರೆದು ಕೊಡಬೇಕು. ಜೂಲಾ ಅಗ್ಗ, ಆದರೆ ಅದರ ಮೇಲೆ ಕೂತವನಿಗೆ ಒಂದು ಕೈಯಲ್ಲಿ ಬಿರುಕು ಕತ್ತರಿಸೋದು ಕಷ್ಟ, ಹಾಗಾಗಿ ತಯಾರಿ ಕೆಲಸ ತೇಲಿಹೋಗುತ್ತೆ. ಎರಡರಲ್ಲಿ ಯಾವುದೇ ಇರಲಿ, ಪ್ರತಿಯೊಬ್ಬ ಕೆಲಸಗಾರನಿಗೂ ಬೆಲ್ಟು, ಹೆಲ್ಮೆಟ್ಟು, ಅಪಘಾತ ವಿಮೆಯ ಪ್ರತಿ. ಈ ಸಾಲಿನಲ್ಲಿ ಚೌಕಾಸಿ ಇಲ್ಲ.

ನಾಲ್ವರಲ್ಲಿ ಮೂವರು ಪಟ್ಟಿ ತುಂಬಿ ಕಳಿಸಿದರು. ನಾಲ್ಕನೆಯವರು ಹಳೇ ಪದ್ಧತಿಯಂತೆ ಒಂದೇ ಮೊತ್ತ ಬರೆದಿದ್ದರು. ಪಟ್ಟಿ ತುಂಬಿ ಅಂತ ಒಂದು ಸಲ ಕೇಳಿದೆವು, ಉತ್ತರ ಬರಲಿಲ್ಲ. ಅಲ್ಲಿಗೆ ಅವರನ್ನ ಬಿಟ್ಟೆವು.

ಮೂವರಲ್ಲಿ ಒಬ್ಬರು ಹೊರಗೋಡೆಗೆ ಚದರ ಅಡಿಗೆ 20 ರೂಪಾಯಿ ಅಂದಿದ್ದರು. ಎಲ್ಲರೂ ಖುಷಿಪಟ್ಟರು. ಆದರೆ ಪಟ್ಟಿಯ ಕೊನೆಯ ಕಾಲಂನಲ್ಲಿ ಜಿಎಸ್‌ಟಿ ಬೇರೆ ಅಂತ ಇತ್ತು. 18 ಪ್ರತಿಶತ ಸೇರಿಸಿದರೆ 23 ರೂಪಾಯಿ 60 ಪೈಸೆ. ಉಳಿದಿಬ್ಬರದು ತೆರಿಗೆ ಸೇರಿಯೇ 22 ಮತ್ತು 21. ಜಿಎಸ್‌ಟಿ ಸೇರಿಸಿ ಬರೆಯೋಕೆ ಕಾಲಂ ಕೊಡದಿದ್ದರೆ ಅತಿ ದುಬಾರಿ ಕೊಟೇಶನ್ನೇ ಅತಿ ಅಗ್ಗದ್ದು ಅಂತ ಕಾಣ್ತಿತ್ತು.

22ರವರು ಮತ್ತು 21ರವರ ನಡುವೆ ಆರಿಸೋದೇ ಕಷ್ಟ ಆಯ್ತು. ಇಲ್ಲಿ ನಮಗೆ ದಾರಿ ತೋರಿಸಿದ್ದು ಬಿರುಕಿನ ಸಾಲು. ಅಗಲ ಬಿರುಕು ಸುಮಾರು 300 ಅಡಿ ಇರಬಹುದು ಅಂತ ಕಾಕಾ ಅಂದಾಜು ಹಾಕಿ, ಒಂದಡಿಗೆ ಎಷ್ಟು ಅಂತ ದರ ಕೇಳಿಸಿದ್ದರು. 22ರವರು ಅಡಿಗೆ 30 ರೂಪಾಯಿ, 21ರವರು 80 ರೂಪಾಯಿ. 300 ಅಡಿಗೆ ಲೆಕ್ಕ ಹಾಕಿದರೆ ಮೊದಲನೆಯವರದು 3,05,120, ಎರಡನೆಯವರದು 3,06,660. ಹೆಚ್ಚುಕಡಿಮೆ ಸಮ. ಆದರೆ ಕಾಕಾ ಸುಮ್ಮನೆ ಬಿಡಲಿಲ್ಲ: "ಗ್ವಾಡಿ ತೊಳದ ಮ್ಯಾಲೆ ಬಿರುಕು ಎಂದೂ ಕಡಿಮಿ ಆಗಂಗಿಲ್ಲವಾ, ಜಾಸ್ತಿನೇ ಆಗ್ತಾವ." ಹಳೇ ಬಣ್ಣದ ಅಡಿ ಅಡಗಿದ್ದ ಬಿರುಕೆಲ್ಲ ತೊಳೆದಾಗ ಹೊರಗೆ ಬರ್ತಾವೆ. 500 ಅಡಿ ಆದರೆ ಏನಾಗುತ್ತೆ ನೋಡಿ: ಮೊದಲನೆಯವರದು 3,11,120, ಎರಡನೆಯವರದು 3,22,660. ಗೋಡೆಗೆ ಕಡಿಮೆ ದರ ತೋರಿಸಿ, ಬೆಳೆಯೋ ಬಾಬತ್ತಿನಲ್ಲಿ ಹೆಚ್ಚು ಇಡೋದು ಗುತ್ತಿಗೆಯ ಹಳೇ ಲೆಕ್ಕ. ತೊಳೆದ ಮೇಲೆ ನಿಜವಾಗಿ ಅಳೆದಾಗ ಬಿರುಕು 460 ಅಡಿ ಬಂತು. ಅಷ್ಟೊತ್ತಿಗೆ ಕೆಲಸ 22ರವರ ಕೈಯಲ್ಲಿತ್ತು.

ಆರಿಸೋ ಮುಂಚೆ ಅವರು ಧಾರವಾಡದಲ್ಲಿ ಮೂರು ವರ್ಷದ ಹಿಂದೆ ಮಾಡಿದ ಒಂದು ಬಿಲ್ಡಿಂಗ್ ನೋಡಿಕೊಂಡು ಬಂದೆವು. ಎದುರಿನ ಗೋಡೆ ಯಾರು ಬೇಕಾದರೂ ಚಂದ ಕಾಣೋ ಹಾಗೆ ಮಾಡ್ತಾರೆ. ನಾವು ಸೀದಾ ಹಿಂದೆ ಹೋಗಿ ಪೈಪುಗಳ ಹಿಂಭಾಗ, ಸಜ್ಜಾದ ಕೆಳಗು, ಪಶ್ಚಿಮದ ಗೋಡೆ ನೋಡಿದೆವು. ಜೂನ್‌ನಿಂದ ಮಳೆ ಹೊಡೆಯೋದು ಅದೇ ಕಡೆಯಿಂದ. ಅಂಗೈ ಉಜ್ಜಿದೆ, ಪುಡಿ ಅಂಟಲಿಲ್ಲ.

ಹಣ ಕೊಡೋ ಕ್ರಮವನ್ನೂ ಲಗತ್ತಿನಲ್ಲೇ ಹಾಕಿದ್ದರಿಂದ ಆಮೇಲೆ ಎಳೆದಾಟ ಆಗಲಿಲ್ಲ. ಶುರುವಿಗೆ 15 ಪ್ರತಿಶತ. ತೊಳೆದು, ಬಿರುಕು ತುಂಬಿ, ನಾವು ನೋಡಿದ ಮೇಲೆ 25. ಪ್ರೈಮರ್ ಮುಗಿದಾಗ 20. ಎರಡನೇ ಕೋಟ್ ಮುಗಿದಾಗ 30. ಉಳಿದ 10 ಪ್ರತಿಶತ ಒಂದು ಮಳೆಗಾಲ ಕಳೆದ ಮೇಲೆ. ಬಣ್ಣದ ಕಂಪನಿಯ ವಾರಂಟಿ ಬೇರೆ ಮಾತು. ಅದು ಡಬ್ಬಿಯಲ್ಲಿರೋ ಬಣ್ಣಕ್ಕೆ, ಅದೂ ಅವರು ಹೇಳಿದ ಪ್ರೈಮರ್ ಹೇಳಿದ ಕ್ರಮದಲ್ಲಿ ಬಳಸಿದ್ದರೆ. ಸೋರೋ ಪೈಪಿಗೂ ಬಿಟ್ಟುಹೋದ ತಯಾರಿಗೂ ಅದು ಬರೋದಿಲ್ಲ. ಕೆಲಸಗಾರಿಕೆಗೆ ಗುತ್ತಿಗೆದಾರರದೇ ಬೇರೆ ಬರಹ ಬೇಕು.

ಕೆಲಸ ಶುರು ಮಾಡಿದ್ದು ನವೆಂಬರ್ ಮೊದಲ ವಾರ. ಸೆಪ್ಟೆಂಬರಿನಲ್ಲೇ ದರ ತರಿಸಿದ್ದು ಅದಕ್ಕೇ: ಅಕ್ಟೋಬರಿನ ಹಿಂಗಾರು ಮಳೆ ಕಳೆದು ಗೋಡೆ ಒಣಗೋಕೆ, ಪೈಪು ರಿಪೇರಿ ಆದ ಕಡೆಯ ಹೊಸ ಪ್ಲಾಸ್ಟರ್ 28 ದಿನ ಗಟ್ಟಿಯಾಗೋಕೆ ಸಮಯ ಬೇಕಿತ್ತು. ಹಸಿ ಪ್ಲಾಸ್ಟರಿನ ಮೇಲೆ ಹೊಡೆದ ಬಣ್ಣ ಬಿಳಿಚಿಕೊಳ್ಳುತ್ತೆ.

ಬಣ್ಣದ ಡಬ್ಬಿಗಳ ಲೆಕ್ಕ ಇಟ್ಟಿದ್ದು ನಮ್ಮ ವಾಚ್‌ಮನ್. ಎರಡು ಕೋಟಿಗೆ ಒಂದು ಲೀಟರ್ 50 ಚದರ ಅಡಿ ಹಿಡಿದರೆ 13,460 ಅಡಿಗೆ ಸುಮಾರು 270 ಲೀಟರ್ ಬೇಕು, ಅಂದರೆ 20 ಲೀಟರಿನ 14 ಡಬ್ಬಿ. ದೊರಗು ಪ್ಲಾಸ್ಟರ್ ಇದ್ದರೆ ಇನ್ನೂ ಹೆಚ್ಚು. ಒಂಬತ್ತೇ ಡಬ್ಬಿಯಲ್ಲಿ ಮುಗಿದರೆ ನೀರು ಜಾಸ್ತಿ ಬೆರೆತಿದೆ, ಇಲ್ಲಾ ಒಂದು ಕೋಟ್ ಕಡಿಮೆ ಆಗಿದೆ. ಸೀಲ್ ಇರೋ ಡಬ್ಬಿ ನಮ್ಮ ಕಣ್ಣೆದುರು ತೆರೀಬೇಕು, ಖಾಲಿ ಡಬ್ಬಿ ಕೊನೆಯವರೆಗೆ ಪಾರ್ಕಿಂಗ್‌ನಲ್ಲೇ ಇರಬೇಕು ಅಂತ ಲಗತ್ತಿನಲ್ಲಿ ಒಂದು ಸಾಲು ಇತ್ತು. ಖಾಲಿ ಡಬ್ಬಿಗೆ ಮನೆಯವರದೇ ಬೇಡಿಕೆ ಜಾಸ್ತಿ, ಅದು ಬೇರೆ ಕಥೆ. ಕೊನೆಗೆ ಎಣಿಸಿದಾಗ 15 ಇದ್ದವು. ವಾಚ್‌ಮನ್ ಅವುಗಳ ಫೋಟೋ ತೆಗೆದು ಗ್ರೂಪಿಗೆ ಹಾಕಿದ, ನಾನು ಅದನ್ನ ಆ ಮೇಲ್‌ನ ಕೊನೆಗೆ ಉತ್ತರವಾಗಿ ಸೇರಿಸಿ ಮ್ಯಾನೇಜರಿಗೆ ಕಳಿಸಿದೆ. 30 ಪ್ರತಿಶತದ ಕಂತು ಅದೇ ವಾರ ಬಿಡುಗಡೆ ಆಯ್ತು. ಉಳಿದ 10 ಪ್ರತಿಶತ ಮುಂದಿನ ಅಕ್ಟೋಬರಿಗೆ, ಪಶ್ಚಿಮದ ಗೋಡೆ ನೋಡಿದ ಮೇಲೆ.